ಕೇಬಲ್ ಇರುವುದಾ, ಇಲ್ಲದ್ದಾ?

ಕಾರ್ಕಳದಲ್ಲಿ ಹಳೆಯ ಮನೆ, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗಳಿಗೊಂದು ಬಾಡಿಗೆ ಕೋಣೆ, ಕಾಪುವಿನ ಕಡಲ ಹತ್ತಿರ ಚಿಕ್ಕಮ್ಮನ ಮನೆ, ದುಬೈಯಲ್ಲಿ ಒಬ್ಬ ಸೋದರಮಾವ. ಉಡುಪಿ ಜಿಲ್ಲೆಯಲ್ಲಿ ಇಂಥ ಕುಟುಂಬವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನನ್ನ ಪರಿಚಯದ ಇಂಥದೇ ಒಂದು ಮನೆಯ ಹುಡುಗಿ, ರಜೆಯಲ್ಲಿ ಬರುವಾಗ ವಿಆರ್ ಹೆಡ್‌ಸೆಟ್ ತರಲು ಮಾವನಿಗೆ ಹೇಳಿದಳು. ಮಾವನ ಮರುಪ್ರಶ್ನೆ ಚಿಕ್ಕದಿತ್ತು: "ಯಾವುದು ಬೇಕು ಹೇಳು ಮಗಾ, ಕೇಬಲ್ ಇರುವುದಾ ಇಲ್ಲದ್ದಾ?" ಅಲ್ಲಿಂದ ಮನೆಯಲ್ಲಿ ಎರಡು ಪಕ್ಷವಾಯಿತು. ಮಗಳದ್ದು ಕಂಪ್ಯೂಟರ್‌ಗೆ ಜೋಡಿಸುವ ಹೆಡ್‌ಸೆಟ್‌ನ ಪಕ್ಷ. ಅಪ್ಪನದ್ದು, ಸುಲಭವಾದ ಒಂದು ಪೆಟ್ಟಿಗೆ ಬರಲಿ, ನಾವೂ ಒಮ್ಮೆ ತಲೆಗೆ ಹಾಕಿ ನೋಡುವಾ ಎಂಬ ಪಕ್ಷ. ಎರಡರಲ್ಲೂ ಹುರುಳುಂಟು. ಆದರೆ ಇಬ್ಬರೂ ವಾದ ಮಾಡುತ್ತಿದ್ದದ್ದು ಹೆಡ್‌ಸೆಟ್‌ನ ಬಗ್ಗೆ. ಅದು ಎಲ್ಲಿ ಓಡಬೇಕೋ ಆ ಕೋಣೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಮೊದಲೇ ಬದಿಗಿಡಬೇಕಾದ ವಸ್ತುವೊಂದಿದೆ. ಫೋನನ್ನು ಮುಂದೆ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಳ್ಳುವ ಸಾವಿರ-ಎರಡು ಸಾವಿರ ರೂಪಾಯಿಯ ಡಬ್ಬಿಗಳು ಈ ಚರ್ಚೆಗೆ ಸೇರುವುದಿಲ್ಲ. 2023ರಲ್ಲಿ ಐಪಿಎಲ್ ನೋಡಲೆಂದು ಬಂದ ಜಿಯೋಡೈವ್ ಅದೇ ಜಾತಿಯದು. ನೀವು ತಲೆ ತಿರುಗಿಸಿದ್ದು ಅವಕ್ಕೆ ಗೊತ್ತಾಗುತ್ತದೆ, ಒಂದು ಹೆಜ್ಜೆ ಮುಂದಿಟ್ಟದ್ದು ಗೊತ್ತಾಗುವುದಿಲ್ಲ. ಬಗ್ಗಿ ಮೇಜಿನ ಅಡಿ ನೋಡಹೊರಟರೆ ಮೇಜೂ ನಿಮ್ಮ ಜೊತೆಗೇ ಬಗ್ಗುತ್ತದೆ. ಅದನ್ನು ಹಾಕಿಕೊಂಡು ತಲೆ ಸುತ್ತಿದವರು ವಿಆರ್ ಅಂದರೆ ಇಷ್ಟೇ ಎಂದು ತೀರ್ಮಾನ ಮಾಡಬಾರದು.

ನಿಜವಾದ ಹೆಡ್‌ಸೆಟ್‌ಗಳಲ್ಲಿ ಎರಡು ಬಗೆ. ಸ್ವತಂತ್ರ ಹೆಡ್‌ಸೆಟ್ ಅಂದರೆ ಚಿಪ್, ಬ್ಯಾಟರಿ, ಕ್ಯಾಮರಾ, ಸ್ಪೀಕರ್ ಎಲ್ಲವನ್ನೂ ಮುಖದ ಮೇಲೇ ಹೊರಿಸುವುದು. ಮೆಟಾ ಕಂಪನಿಯ ಕ್ವೆಸ್ಟ್ 3 ಮತ್ತು 2024ರ ಅಕ್ಟೋಬರಿನಲ್ಲಿ ಬಂದ ಕ್ವೆಸ್ಟ್ 3ಎಸ್ ಇದರಲ್ಲಿ ಹೆಚ್ಚು ಬಳಕೆಯಲ್ಲಿರುವವು. ಒಳಗಿರುವುದು ಫೋನಿನಂಥದೇ ಸ್ನ್ಯಾಪ್‌ಡ್ರ್ಯಾಗನ್ ಚಿಪ್, ತೂಕ ಅರ್ಧ ಕಿಲೋದ ಮೇಲೆ ತುಸು, ಬ್ಯಾಟರಿ ಎರಡು-ಎರಡೂವರೆ ಗಂಟೆ. ಇನ್ನೊಂದು ಬಗೆಯಲ್ಲಿ ಚಿತ್ರ ಬಿಡಿಸುವ ಕೆಲಸವೆಲ್ಲ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನದು. ಹೆಡ್‌ಸೆಟ್ ಬರೀ ಎರಡು ಕಣ್ಣಿನ ಪರದೆ, ಅದಕ್ಕೊಂದು ನಾಲ್ಕೈದು ಮೀಟರ್ ಕೇಬಲ್. ವಾಲ್ವ್ ಇಂಡೆಕ್ಸ್, ಎಚ್‌ಟಿಸಿ ವೈವ್, ಅಡಾಪ್ಟರ್ ಹಾಕಿ ಕಂಪ್ಯೂಟರಿಗೆ ಜೋಡಿಸಿದ ಸೋನಿ ಪ್ಲೇಸ್ಟೇಷನ್ ವಿಆರ್2 ಈ ಗುಂಪಿನವು.

ಕೇಬಲ್ ಪಕ್ಷದ ಬಲ ಏನೆಂದು ನೋಡಿದರೆ, ಅದು ಚಿತ್ರದಲ್ಲಿದೆ. ಮುಖದ ಮೇಲಿನ ಚಿಪ್ ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಹಣೆ ಸುಡುತ್ತದೆ. ಮೇಜಿನ ಕೆಳಗಿನ ಗ್ರಾಫಿಕ್ಸ್ ಕಾರ್ಡಿಗೆ ನೂರರಿಂದ ಇನ್ನೂರು ವ್ಯಾಟ್ ಸಲೀಸು. ಆದ್ದರಿಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂಥ ವಿಮಾನದಾಟ, ಸ್ಟಿಯರಿಂಗ್ ಹಿಡಿದು ಆಡುವ ಕಾರ್ ರೇಸು, 2020ರ ಹಾಫ್-ಲೈಫ್: ಆಲಿಕ್ಸ್ ಇವೆಲ್ಲ ಕಂಪ್ಯೂಟರಿನ ಬಲವಿದ್ದವರಿಗೆ ಮಾತ್ರ. ವಿಮಾನ ಮತ್ತು ಕಾರಿನ ಆಟಗಳನ್ನು ಕುಳಿತೇ ಆಡುವುದರಿಂದ ಕೇಬಲ್ ಕಾಲಿಗೆ ಸಿಗುವ ಪ್ರಶ್ನೆಯೂ ಇಲ್ಲ, ಬ್ಯಾಟರಿ ಮುಗಿಯುವ ಚಿಂತೆಯೂ ಇಲ್ಲ. ಆಟದ ಬದಲು ಓದಿಗೆ ಬೇಕೆನ್ನುವವರಿಗೂ, ಮೂರು ಆಯಾಮದ ವಿನ್ಯಾಸದ ತಂತ್ರಾಂಶದಲ್ಲಿ ಮಾಡಿದ ಕಟ್ಟಡದೊಳಗೆ ನಡೆದಾಡಿ ನೋಡಬೇಕಾದರೆ, ಕಂಪ್ಯೂಟರ್ ಹೇಗೂ ಬೇಕು.

ಸ್ವತಂತ್ರ ಹೆಡ್‌ಸೆಟ್‌ನ ಬಲ ಬೇರೆ ಕಡೆ ಇದೆ. ಹಾಕಿದರೆ ಅರ್ಧ ನಿಮಿಷದಲ್ಲಿ ಶುರು. ಚೀಲಕ್ಕೆ ಹಾಕಿ ಮಣಿಪಾಲದಿಂದ ಕಾರ್ಕಳದ ಬಸ್ಸು ಹತ್ತಬಹುದು, ಕಾಪುವಿನ ಚಿಕ್ಕಮ್ಮನಿಗೂ ತೋರಿಸಬಹುದು. ಮಳೆಗಾಲದಲ್ಲಿ ಮೆಸ್ಕಾಂ ಕರೆಂಟು ಹೋದರೂ ಒಳಗೆ ಇಳಿಸಿಟ್ಟ ಆಟ ನಡೆಯುತ್ತಲೇ ಇರುತ್ತದೆ. ಜೊತೆಗೆ ಅದಕ್ಕೊಂದು ಎರಡನೇ ಜನ್ಮವೂ ಉಂಟು: ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಅಥವಾ ವೈಫೈಯಲ್ಲಿ ಕಂಪ್ಯೂಟರಿಗೆ ಜೋಡಿಸಿದರೆ ಅದೇ ಹೆಡ್‌ಸೆಟ್ ಕಂಪ್ಯೂಟರ್ ಹೆಡ್‌ಸೆಟ್ ಆಗುತ್ತದೆ. ಅಂಗಡಿಯವರು ಈ ಮಾತನ್ನೇ ಹಿಡಿದು "ಎರಡೂ ಒಂದರಲ್ಲೇ ಬಂತಲ್ಲ" ಅನ್ನುತ್ತಾರೆ. ಮಾತು ಬಹುಪಾಲು ನಿಜ. ಉಳಿದ ಪಾಲು ಹೀಗೆ: ಅಸಲಿ ಕೇಬಲ್ ಹೆಡ್‌ಸೆಟ್‌ಗೆ ಡಿಸ್‌ಪ್ಲೇಪೋರ್ಟಿನಿಂದ ಚಿತ್ರ ನೇರವಾಗಿ ಹೋಗುತ್ತದೆ. ಕ್ವೆಸ್ಟ್‌ನಂಥದಕ್ಕೆ ಕಂಪ್ಯೂಟರ್ ಪ್ರತಿ ಚಿತ್ರವನ್ನೂ ವಿಡಿಯೊವಾಗಿ ಹಿಂಡಿ ಕಳಿಸುತ್ತದೆ, ಹೆಡ್‌ಸೆಟ್ ಅದನ್ನು ಬಿಚ್ಚಿ ತೋರಿಸುತ್ತದೆ. ಹಿಂಡಿ ಬಿಚ್ಚುವುದರಲ್ಲಿ ಕ್ಷಣದ ಒಂದು ಚೂರು ತಡ ಸೇರುತ್ತದೆ, ಕತ್ತಲೆಯ ದೃಶ್ಯಗಳಲ್ಲಿ ಚೌಕ ಚೌಕ ಕಲೆ ಕಾಣುತ್ತದೆ. ಕತ್ತಿಯಿಂದ ಡಬ್ಬಿ ಕಡಿಯುವ ಆಟದಲ್ಲಿ ಹೆಚ್ಚಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಕಾಕ್‌ಪಿಟ್‌ನ ಸಣ್ಣ ಅಂಕಿ ಓದಬೇಕಾದವರಿಗೆ ಖಂಡಿತ ಗೊತ್ತಾಗುತ್ತದೆ.

ಇಷ್ಟರಲ್ಲಿ ಮಗಳು ಹೇಳಿದ್ದು: "ನನ್ನ ಹತ್ತಿರ ಗೇಮಿಂಗ್ ಲ್ಯಾಪ್‌ಟಾಪ್ ಉಂಟಲ್ಲ ಅಪ್ಪ, ಕಂಪ್ಯೂಟರಿನ ಖರ್ಚೇ ಇಲ್ಲ." ಮಣಿಪಾಲದ ಅರ್ಧಕ್ಕರ್ಧ ಕೋಣೆಗಳಿಂದ ಬರಬಹುದಾದ ವಾದ ಇದು. ಎಡವುವುದೂ ಇಲ್ಲೇ. ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ 3050 ಇದ್ದು ಗ್ರಾಫಿಕ್ಸ್ ಮೆಮೊರಿ 4 ಜಿಬಿ ಮಾತ್ರ ಇದ್ದರೆ ವಿಆರ್‌ಗೆ ಅದು ಸಾಲದು. ಸಾಮಾನ್ಯ ಪರದೆಯಲ್ಲಿ ಸೆಕೆಂಡಿಗೆ 40 ಚಿತ್ರ ಬಂದರೂ ಆಟ ನಡೆಯುತ್ತದೆ. ವಿಆರ್‌ನಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ, ಅದೂ ಸೆಕೆಂಡಿಗೆ 72ರಿಂದ 90 ಬರಬೇಕು. ತಪ್ಪಿದರೆ ಲೋಕ ಅಲುಗಾಡಿದಂತಾಗಿ ಹೊಟ್ಟೆ ತೊಳಸುತ್ತದೆ. ಸೋನಿ ತನ್ನ ಅಡಾಪ್ಟರಿಗೆ ಕನಿಷ್ಠವೆಂದು ಹೇಳುವ ಕಾರ್ಡ್ ಇದಕ್ಕಿಂತ ಹಳೆಯದೇ, ಆದರೆ ಚೆನ್ನಾಗಿ ನಡೆಯಲು ಸೂಚಿಸುವುದು ಆರ್‌ಟಿಎಕ್ಸ್ 3060 ಅಥವಾ ಅದಕ್ಕಿಂತ ಮೇಲಿನದು.

ಎರಡನೆಯ ಎಡವು ತೂತಿನದ್ದು. ಅಸಲಿ ಕೇಬಲ್ ಹೆಡ್‌ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಡಿಸ್‌ಪ್ಲೇಪೋರ್ಟ್ ಬೇಕು. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಇರುವುದು ಎಚ್‌ಡಿಎಂಐ. ಒಂದರಿಂದ ಇನ್ನೊಂದಕ್ಕೆ ಮಾಡುವ ಅಗ್ಗದ ಪರಿವರ್ತಕಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಯುಎಸ್‌ಬಿ-ಸಿ ತೂತಿನಿಂದ ಡಿಸ್‌ಪ್ಲೇಪೋರ್ಟ್ ಸಂಕೇತ ಹೊರಬರುತ್ತದೆ ನಿಜ, ಆದರೆ ಅದು ಗ್ರಾಫಿಕ್ಸ್ ಕಾರ್ಡಿಗೇ ಸೇರಿರಬೇಕು, ಪ್ರೊಸೆಸರಿನ ಒಳಗಿನ ಸಣ್ಣ ಗ್ರಾಫಿಕ್ಸಿಗೆ ಸೇರಿದ್ದರೆ ಹೆಡ್‌ಸೆಟ್ ಕತ್ತಲಾಗಿಯೇ ಉಳಿಯುತ್ತದೆ. ಇದನ್ನು ಕೊಳ್ಳುವ ಮೊದಲೇ ನೋಡಬಹುದು: ಆ ತೂತಿಗೆ ಒಂದು ಮಾನಿಟರ್ ಜೋಡಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ ಫಿಸಿಕ್ಸ್ ಪುಟ ತೆರೆದರೆ ಯಾವ ಪರದೆ ಯಾವ ಚಿಪ್ಪಿಗೆ ಸೇರಿದೆ ಎಂಬ ಚಿತ್ರ ಬರುತ್ತದೆ. ನಮ್ಮ ಹುಡುಗಿ ಗೆಳತಿಯ ಮಾನಿಟರ್ ತಂದು ನೋಡಿದಳು. ಅವಳ ತೂತು ಪ್ರೊಸೆಸರಿನ ಕಡೆಯದಾಗಿತ್ತು. ಅಲ್ಲಿಗೆ ಅಸಲಿ ಕೇಬಲ್ ಹೆಡ್‌ಸೆಟ್ ಅವಳ ಲ್ಯಾಪ್‌ಟಾಪಿಗೆ ಇಲ್ಲವೆಂದಾಯಿತು. ಉಳಿದದ್ದು ಡೆಸ್ಕ್‌ಟಾಪ್ ಅಥವಾ ಸ್ವತಂತ್ರ ಹೆಡ್‌ಸೆಟ್.

ಈಗ ಕೋಣೆಗೆ ಬರೋಣ. ನಿಂತು ನಡೆದಾಡಿ ಆಡಲು ಕ್ವೆಸ್ಟ್ ಕೇಳುವುದು 2 ಮೀಟರ್ ಉದ್ದ, 2 ಮೀಟರ್ ಅಗಲ, ಅಂದರೆ ಆರೂವರೆ ಅಡಿ ಚೌಕ, ನೆಲ ಪೂರ್ತಿ ಖಾಲಿ. ಸ್ಟೀಮ್‌ವಿಆರ್‌ನ ಕನಿಷ್ಠ 2 ಮೀಟರ್‌ಗೆ ಒಂದೂವರೆ ಮೀಟರ್. ಕಡಿಮೆ ಅನ್ನಿಸುತ್ತದೆ. ಮಣಿಪಾಲದ ಕೋಣೆ 11 ಅಡಿಗೆ 10 ಅಡಿ. ಸಾಕಲ್ಲ ಎಂದು ಯಾರಾದರೂ ಹೇಳಿಯಾರು. ಉದ್ದದ ಗೋಡೆಗೆ ಒತ್ತಿ ಹಾಕಿದ ಮಂಚ ಅಗಲದಲ್ಲಿ 3 ಅಡಿ ತಿಂದಿತು, ಉಳಿದದ್ದು 7. ಎದುರು ಗೋಡೆಗೆ 2 ಅಡಿಯ ಓದುವ ಮೇಜು, ಉಳಿದದ್ದು 5. ಉದ್ದದಲ್ಲಿ 2 ಅಡಿ ಆಳದ ಕಪಾಟು, ಉಳಿದದ್ದು 9. ಒಟ್ಟು 9 ಅಡಿಗೆ 5 ಅಡಿಯ ಓಣಿ. ಕೈ ಬದಿಗೆ ಬೀಸಿದರೆ ಒಂದು ಕಡೆ ಮಂಚ, ಇನ್ನೊಂದು ಕಡೆ ಲ್ಯಾಪ್‌ಟಾಪ್. ಆದರೆ ಮೇಜನ್ನು ಕಪಾಟಿನ ಎದುರಿನ ಗಿಡ್ಡ ಗೋಡೆಗೆ ಸರಿಸಿ ಕುರ್ಚಿಯನ್ನು ಹೊರಗಿಟ್ಟರೆ ಅದೇ ಕೋಣೆಯಲ್ಲಿ 7 ಅಡಿಗೆ 7 ಅಡಿ ಸಿಕ್ಕಿತು. ಲೆಕ್ಕಕ್ಕೆ ಸರಿಹೋಯಿತು, ಆಟಕ್ಕೆ ಇನ್ನೂ ಪೂರ್ತಿ ಅಲ್ಲ: ಹೆಡ್‌ಸೆಟ್‌ನಲ್ಲಿ ಎಳೆಯುವ ಗಡಿಗೆರೆ ಗೋಡೆಗೆ ತಾಗಿದ್ದರೆ, ಗೆರೆ ಕಂಡು ಎಚ್ಚರವಾಗುವಷ್ಟರಲ್ಲಿ ಗೆಣ್ಣು ಗಾರೆಗೆ ತಾಗಿರುತ್ತದೆ. ಗೋಡೆಯಿಂದ ಒಂದು ಅಡಿ ಒಳಗೆ ಗೆರೆ ಎಳೆಯಬೇಕು. ಆಗ ನಡೆದಾಡುವ ಆಟ ಬಿಟ್ಟು, ನಿಂತಲ್ಲೇ ಆಡುವಂಥವು ಮಾತ್ರ ಉಳಿಯುತ್ತವೆ. ನಿಂತಲ್ಲೇ ಆಡುವ ಆಟಗಳು ಬೇಕಾದಷ್ಟಿವೆ, ಅದೇನು ಸೋಲಲ್ಲ. ಕೊಳ್ಳುವ ಮೊದಲು ಗೊತ್ತಿದ್ದರೆ ಒಳ್ಳೆಯದು.

ಈ ವಿಚಾರದಲ್ಲಿ ಕೇಬಲ್ ಇದ್ದರೂ ಇಲ್ಲದಿದ್ದರೂ ಅಷ್ಟೇ ಜಾಗ ಬೇಕು ಅನ್ನುವವರಿದ್ದಾರೆ. ಪೂರ್ತಿ ಹಾಗಲ್ಲ. ಕೇಬಲ್ ಹೆಡ್‌ಸೆಟ್‌ನ ಜಾಗ ಕಂಪ್ಯೂಟರ್ ಇರುವಲ್ಲೇ ಸಿಗಬೇಕು. ಸ್ವತಂತ್ರದ್ದನ್ನು ಎತ್ತಿಕೊಂಡು ಜಾಗ ಇರುವಲ್ಲಿಗೆ ಹೋಗಬಹುದು. ಮಂಚ, ಮೇಜು, ಕಂಪ್ಯೂಟರ್ ಮೂರೂ ಒಂದೇ ಕೋಣೆಯಲ್ಲಿರುವ ನಮ್ಮಂಥ ಕಡೆ ಇದು ಸಣ್ಣ ವ್ಯತ್ಯಾಸವಲ್ಲ.

ನೆಲ ಅಳೆದವರು ಮೇಲೆ ನೋಡಲು ಮರೆಯುತ್ತಾರೆ. ವಿದೇಶದ ಕೈಪಿಡಿಗಳಲ್ಲಿ ಸೀಲಿಂಗ್ ಫ್ಯಾನಿನ ಗೊಡವೆ ಅಷ್ಟಾಗಿ ಇಲ್ಲ. ಐದೂಮುಕ್ಕಾಲು ಅಡಿ ಎತ್ತರದವರು ಕೈ ಎತ್ತಿದರೆ ಬೆರಳ ತುದಿ ಏಳೂಕಾಲು ಅಡಿ ದಾಟುತ್ತದೆ. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಫ್ಯಾನಿನ ರೆಕ್ಕೆ ಸಾಮಾನ್ಯವಾಗಿ ಎಂಟೂವರೆಗಿಂತ ಮೇಲೆ, ಅಡ್ಡಿಯಿಲ್ಲ, ಹಾರಿದರೆ ಉಂಟು. ಹಳೆಯ ಮನೆಯ ಉಪ್ಪರಿಗೆಯಲ್ಲಿ ಮಾಡು ತಗ್ಗು, ಅಲ್ಲಿ ಫ್ಯಾನ್ ತಿರುಗುವಾಗ ಆಡುವ ಯೋಚನೆಯೇ ಬೇಡ. ಫ್ಯಾನ್ ಆರಿಸಿದರೆ ಕರಾವಳಿಯ ಸೆಕೆಗೆ ಐದು ನಿಮಿಷದಲ್ಲಿ ಬೆವರು, ಹಿಂದೆಯೇ ಲೆನ್ಸಿಗೆ ಮಂಜು. ಇದಕ್ಕೆ ಹಳಬರು ಕಂಡುಕೊಂಡ ಪರಿಹಾರ, ಒಂದು ಕಡೆ ನಿಲ್ಲಿಸಿದ ಸ್ಟ್ಯಾಂಡ್ ಫ್ಯಾನ್. ಬೆವರು ಆರಿಸುವುದರ ಜೊತೆಗೆ ಅದು ದಿಕ್ಸೂಚಿಯೂ ಹೌದು: ಗಾಳಿ ಮುಖಕ್ಕೆ ಬರುತ್ತಿದ್ದರೆ ನೀವು ಕೋಣೆಯಲ್ಲಿ ಯಾವ ಕಡೆಗೆ ತಿರುಗಿದ್ದೀರಿ ಎಂದು ಕಣ್ಣು ಮುಚ್ಚಿದ್ದರೂ ಗೊತ್ತು. ಹೊಟ್ಟೆ ತೊಳಸುವವರಿಗೂ ಇದರಿಂದ ಎಷ್ಟೋ ಹಗುರ.

ತೊಳಸುವಿಕೆಯ ಕಾರಣ ಗೊತ್ತಿದ್ದರೆ ಆಟ ಆರಿಸಲು ಸುಲಭ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವನಿಗೆ ಮೈ ಅಲುಗುತ್ತದೆ, ಕಣ್ಣಿಗೆ ಅಲುಗಾಟ ಕಾಣುವುದಿಲ್ಲ. ವಿಆರ್‌ನಲ್ಲಿ ಅದರ ತಿರುವುಮುರುವು, ಕಣ್ಣು ಓಡುತ್ತದೆ, ಮೈ ನಿಂತಿದೆ. ನೀವೇ ಹೆಜ್ಜೆ ಇಟ್ಟು ನಡೆಯುವ ಆಟದಲ್ಲಿ ಈ ಜಗಳ ಇಲ್ಲ, ಕೋಲು ತಳ್ಳಿ ಓಡಿಸುವ ಆಟದಲ್ಲಿ ಉಂಟು. ವಿಮಾನ, ಕಾರು ಈ ಎರಡನೆಯ ಜಾತಿ. ಕೇಬಲ್ ಪಕ್ಷದವರ ಮೆಚ್ಚಿನ ಆಟಗಳೇ ಹೊಸಬರ ಹೊಟ್ಟೆಗೆ ಕಷ್ಟದವು ಎಂಬುದನ್ನು ತಕ್ಕಡಿಗೆ ಹಾಕಬೇಕು.

ಕಾರ್ಕಳದ ಮನೆಯಲ್ಲಿ ಜಾಗಕ್ಕೆ ಬರವಿಲ್ಲ. ಚಾವಡಿಯೇ ಹನ್ನೆರಡು ಅಡಿಗೆ ಹದಿನಾರು. ಅಲ್ಲಿನ ತೊಂದರೆ ಬೇರೆ. ನಡುವೆ ಒಂದು ಮರದ ಕಂಬ, ಮೂಲೆಯಲ್ಲಿ ತೂಗುವ ಉಯ್ಯಾಲೆ, ಜಗಲಿಯ ಕಡೆ ಒಂದು ಮೆಟ್ಟಿಲಿನಷ್ಟು ತಗ್ಗು. ಹೆಡ್‌ಸೆಟ್ ಗಡಿಯೊಳಗೆ ಇದ್ದದ್ದನ್ನು ಬಹುಮಟ್ಟಿಗೆ ಗುರುತಿಸುತ್ತದೆ, ಆದರೆ ಆಮೇಲೆ ತೂಗಿಬಂದ ಉಯ್ಯಾಲೆಯನ್ನೂ, ಒಳಬಂದ ಬೆಕ್ಕನ್ನೂ ಅದು ಸಮಯಕ್ಕೆ ಹೇಳುತ್ತದೆಂದು ನಂಬಿ ಕೂರುವಂತಿಲ್ಲ. ಉಯ್ಯಾಲೆಯನ್ನು ಮೇಲಕ್ಕೆ ಎತ್ತಿ ಕಟ್ಟಬೇಕು, ಮೆಟ್ಟಿಲಿಗಿಂತ ಎರಡು ಅಡಿ ಮೊದಲೇ ಗಡಿ ನಿಲ್ಲಿಸಬೇಕು. ಇನ್ನೊಂದು, ಈ ಹೆಡ್‌ಸೆಟ್‌ಗಳು ಕ್ಯಾಮರಾದಿಂದ ಕೋಣೆಯ ಗುರುತು ಹಿಡಿಯುತ್ತವೆ. ದೊಡ್ಡ ಕನ್ನಡಿ, ಕನ್ನಡಿ ಹಾಕಿದ ಕಪಾಟು, ಮಂದ ಬೆಳಕು, ದೀಪಾವಳಿಯ ಸೀರಿಯಲ್ ಲೈಟು ಅವನ್ನು ದಾರಿ ತಪ್ಪಿಸುತ್ತವೆ. ಕೈಯಲ್ಲಿನ ಕತ್ತಿ ತಾನಾಗಿ ಹಾರತೊಡಗಿದರೆ ಯಂತ್ರ ಕೆಟ್ಟಿತೆಂದು ಹೆದರುವ ಮೊದಲು ಕನ್ನಡಿಗೆ ಒಂದು ಬಟ್ಟೆ ಹೊದೆಸಿ ನೋಡಿ.

ಹಳೆಯ ಪದ್ಧತಿಯ ಕೇಬಲ್ ಹೆಡ್‌ಸೆಟ್‌ಗಳಿಗೆ ಕ್ಯಾಮರಾದ ಬದಲು ಗೋಡೆಯ ಮೇಲೆ ಎರಡು ಬೇಸ್ ಸ್ಟೇಷನ್ ಬೇಕು. ಎದುರು ಬದುರು ಮೂಲೆಗಳಲ್ಲಿ, ತಲೆಗಿಂತ ಎತ್ತರದಲ್ಲಿ, ಕೆಳಗೆ ಬಾಗಿಸಿ, ಎರಡಕ್ಕೂ ಕರೆಂಟ್ ಪ್ಲಗ್ ಕೊಟ್ಟು. ಕೈ ಬೆನ್ನ ಹಿಂದೆ ಹೋದರೂ ಅವು ಗುರುತು ತಪ್ಪುವುದಿಲ್ಲ, ಅದು ದೊಡ್ಡ ಗುಣ. ಬಾಡಿಗೆ ಕೋಣೆಯ ಗೋಡೆಗೆ ಡ್ರಿಲ್ ಹಾಕುತ್ತೇನೆಂದು ಮಾಲೀಕರಿಗೆ ಹೇಳುವ ಧೈರ್ಯ ನಿಮ್ಮದು.

ಕಾರ್ಕಳದ ಮನೆಯಲ್ಲಿ ಕಂಪ್ಯೂಟರ್ ಒಳಕೋಣೆಯಲ್ಲಿದೆ, ಆಟಕ್ಕೆ ಜಾಗ ಚಾವಡಿಯಲ್ಲಿದೆ, ನಡುವೆ ಒಂದಡಿ ದಪ್ಪದ ಮುರಕಲ್ಲಿನ ಗೋಡೆ. ಅಪ್ಪ ಕೇಳಿದ್ದು: "ನೆಟ್ 50 ಎಂಬಿಪಿಎಸ್ ಉಂಟು, ವೈಫೈಯಲ್ಲೇ ಬರುವುದಿಲ್ವಾ ಮಾರಾಯ್ರೇ?" ಈ ಪ್ರಶ್ನೆಯಲ್ಲಿ ಎರಡು ಸಂಗತಿ ಕಲಸಿಕೊಂಡಿವೆ. ಕಂಪ್ಯೂಟರಿನಿಂದ ಹೆಡ್‌ಸೆಟ್‌ಗೆ ಹೋಗುವ ಚಿತ್ರಕ್ಕೂ ಇಂಟರ್ನೆಟ್ ಪ್ಲಾನಿಗೂ ಸಂಬಂಧವಿಲ್ಲ. ಅದು ಮನೆಯೊಳಗಿನ ರೂಟರಿನ ಮೂಲಕ ಹೋಗುವ ಸಾಗಾಟ, ಸೆಕೆಂಡಿಗೆ ನೂರು-ಇನ್ನೂರು ಮೆಗಾಬಿಟ್, ಒಂದು ಕ್ಷಣವೂ ತಡೆಯಿಲ್ಲದೆ. ಅದಕ್ಕೆ 5 ಗಿಗಾಹರ್ಟ್ಸ್‌ನ ವೈಫೈ ಬೇಕು, ಮತ್ತು ಆ ತರಂಗಕ್ಕೆ ದಪ್ಪ ಕಲ್ಲು ದಾಟುವ ಶಕ್ತಿ ಕಡಿಮೆ. ಸರಿಯಾದ ಕ್ರಮ ಹೀಗೆ: ಆಡುವ ಚಾವಡಿಯಲ್ಲೇ ಒಂದು ರೂಟರ್, ಅಲ್ಲಿಂದ ಕಂಪ್ಯೂಟರಿಗೆ ನೆಟ್‌ವರ್ಕ್ ಕೇಬಲ್. ಕಂಪ್ಯೂಟರೂ ವೈಫೈಯಲ್ಲಿದ್ದರೆ ಒಂದೇ ಗಾಳಿಯಲ್ಲಿ ಚಿತ್ರ ಎರಡು ಸಲ ಹಾರಬೇಕಾಗುತ್ತದೆ, ಅಲ್ಲೇ ತೊದಲುವುದು. ಅಂದರೆ "ಕೇಬಲ್ ಇಲ್ಲದ" ಆಟಕ್ಕೂ ಗೋಡೆಯುದ್ದಕ್ಕೆ ಒಂದು ಕೇಬಲ್ ಎಳೆಯಲೇಬೇಕು. ಇಂಟರ್ನೆಟ್ ವೇಗ ಬೇಕಾಗುವುದು ಆಟ ಇಳಿಸಿಕೊಳ್ಳುವಾಗ. ದೊಡ್ಡ ಆಟ ಹತ್ತಿಪ್ಪತ್ತು ಜಿಬಿ ಇರುತ್ತದೆ, ಫೈಬರ್ ಬಾರದ ಹಳ್ಳಿಯಲ್ಲಿ ಫೋನಿನ ದಿನದ ಎರಡು ಜಿಬಿಯಲ್ಲಿ ಅದು ವಾರದ ಕೆಲಸ.

ಕಾಪುವಿನ ಚಿಕ್ಕಮ್ಮನ ಮನೆಯಲ್ಲಿ ಹೆಡ್‌ಸೆಟ್ ರಜೆಯಲ್ಲಿ ನಾಲ್ಕು ದಿನ ಇರಬಹುದು, ಅಷ್ಟಕ್ಕೇ ಎರಡು ಅಪಾಯ ಗೊತ್ತಿರಬೇಕು. ಪಡುವಣ ಕಿಟಕಿಯ ಸಂಜೆ ಬಿಸಿಲು ಲೆನ್ಸಿನ ಮೇಲೆ ಬಿದ್ದರೆ, ಲೆನ್ಸು ಭೂತಗನ್ನಡಿಯ ಕೆಲಸ ಮಾಡಿ ಒಳಗಿನ ಪರದೆಯನ್ನು ಸುಡುತ್ತದೆ. ಒಂದೆರಡು ನಿಮಿಷವೂ ಸಾಕಾಗಬಹುದು. ಆ ಹಳದಿ ಚುಕ್ಕೆ ಮತ್ತೆ ಹೋಗುವುದಿಲ್ಲ, ವಾರಂಟಿಯೂ ಸಾಮಾನ್ಯವಾಗಿ ಅದಕ್ಕಿಲ್ಲ. ಮತ್ತೊಂದು ತೇವ. ಕ್ಯಾಮರಾ ಇಟ್ಟುಕೊಂಡ ಕರಾವಳಿಯವರಿಗೆಲ್ಲ ಲೆನ್ಸಿನ ಬೂಸ್ಟು ಗೊತ್ತು, ಜೇಡರ ಬಲೆಯಂಥ ಸಣ್ಣ ಎಳೆಗಳು. ಬೆವರಿನ ಹೆಡ್‌ಸೆಟ್ಟನ್ನು ಹಾಗೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದನ್ನು ಸಾಕಿದ ಹಾಗೆ. ಮುಖದ ಪ್ಯಾಡ್ ಬಿಚ್ಚಿ ಫ್ಯಾನಿನ ಗಾಳಿಗೆ ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಇಡುವುದಕ್ಕಿಂತ ವಾರಕ್ಕೊಮ್ಮೆ ಆಡುವುದೇ ಅದಕ್ಕೆ ಒಳ್ಳೆಯದು.

ಹಣದ ಲೆಕ್ಕಕ್ಕೆ ಬಂದರೆ ಮೊದಲು ಸ್ವತಂತ್ರ ಹೆಡ್‌ಸೆಟ್. ಕ್ವೆಸ್ಟ್ 3ಎಸ್ ಬಿಡುಗಡೆಯಾದಾಗ 128 ಜಿಬಿಯದಕ್ಕೆ ಅಮೆರಿಕದಲ್ಲಿ 299 ಡಾಲರ್, ಆಗಿನ ವಿನಿಮಯದಲ್ಲಿ ಸುಮಾರು 25,000 ರೂಪಾಯಿ. ಆಮದು ಮಾಡಿ ಮಾರುವವರ ಕೈಯಿಂದ ಇಲ್ಲಿ ಕೊಂಡರೆ ಅದಕ್ಕೆ ಸುಂಕ, ಲಾಭ ಎರಡೂ ಸೇರುತ್ತವೆ. ಇದರ ಮೇಲೆ ಬರುವವು ಪೆಟ್ಟಿಗೆಯ ಮೇಲೆ ಬರೆದಿಲ್ಲ. ಜೊತೆಗೆ ಬರುವ ಬಟ್ಟೆಯ ಪಟ್ಟಿಯಲ್ಲಿ ಭಾರವೆಲ್ಲ ಕೆನ್ನೆಯ ಮೇಲೆ, ಅರ್ಧ ಗಂಟೆಗೇ ಸಾಕಾಗುತ್ತದೆ; ಹಿಂದಲೆಗೆ ಆನಿಸುವ ಗಟ್ಟಿ ಪಟ್ಟಿಗೆ ಎರಡರಿಂದ ನಾಲ್ಕು ಸಾವಿರ. ಮನೆಯವರೆಲ್ಲ ಹಂಚಿಕೊಳ್ಳುವುದಾದರೆ ತೊಳೆಯಬಹುದಾದ ಸಿಲಿಕೋನ್ ಮುಖಗವಸು, ಸಾವಿರದ ಆಸುಪಾಸು. ಎರಡೂ ಕಂಟ್ರೋಲರಿಗೆ ಒಂದೊಂದು ಪೆನ್ಸಿಲ್ ಸೆಲ್ಲು, ರೀಚಾರ್ಜ್ ಆಗುವ ಸೆಲ್ಲು ಮತ್ತು ಚಾರ್ಜರಿಗೆ ಒಂದೂವರೆ ಸಾವಿರ. ಕನ್ನಡಕದವರಾದರೆ ಇನ್ನೊಂದು ಐದು ಸಾವಿರ: ಕನ್ನಡಕದ ಗಾಜು ಹೆಡ್‌ಸೆಟ್‌ನ ಲೆನ್ಸಿಗೆ ಉಜ್ಜಿದರೆ ಬೀಳುವ ಗೀರು ಶಾಶ್ವತ, ಆದ್ದರಿಂದ ಪವರ್ ಇರುವ ಲೆನ್ಸನ್ನೇ ಒಳಗೆ ಕೂರಿಸುತ್ತಾರೆ. ನಾಲ್ಕು ಆಟ ಕೊಂಡರೆ ಆರೇಳು ಸಾವಿರ. ಇಪ್ಪತ್ತೈದರ ವಸ್ತು ನಲವತ್ತರ ಹತ್ತಿರ ಬಂದು ನಿಂತಿತು.

ಕೇಬಲ್ ಪಕ್ಷದ ಲೆಕ್ಕದಲ್ಲಿ ಹೆಡ್‌ಸೆಟ್‌ಗಿಂತ ಕಂಪ್ಯೂಟರೇ ಭಾರ. ವಿಆರ್ ಓಡಿಸುವ ಡೆಸ್ಕ್‌ಟಾಪ್ ಕಟ್ಟಿಸಲು ಲಕ್ಷದ ಆಸುಪಾಸು. ನಮ್ಮ ಕಡೆ ಅದಕ್ಕೊಂದು ಯುಪಿಎಸ್ ಬೇಡವೆನ್ನಲಾಗದು, ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಪ್ಲಗ್ ಕಳಚುವ ಅಭ್ಯಾಸವೂ ಬೇಕು. ಸೋನಿಯ ವಿಆರ್2 ಭಾರತಕ್ಕೆ ಬಂದಾಗ, 2023ರ ಡಿಸೆಂಬರಿನಲ್ಲಿ, 57,999 ರೂಪಾಯಿ ಇತ್ತು. ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರ್ ಬೇರೆ, ಜೋಡಿಸಿದಾಗ ಕಣ್ಣಿನ ಜಾಡು ಹಿಡಿಯುವುದು, ಎಚ್‌ಡಿಆರ್ ಬಣ್ಣ ಮುಂತಾದ ಕೆಲವು ಗುಣಗಳು ಕೈಬಿಡುತ್ತವೆ. ಇಷ್ಟಾದ ಮೇಲೆ ಈ ಪಕ್ಷಕ್ಕೆ ಒಂದು ಗಟ್ಟಿ ಲಾಭ: ಸ್ಟೀಮ್ ಅಂಗಡಿಯಲ್ಲಿ ಆಟಗಳ ಬೆಲೆ ರೂಪಾಯಿಯಲ್ಲಿದೆ, ಯುಪಿಐಯಲ್ಲಿ ಕೊಡಬಹುದು, ಹಬ್ಬದ ರಿಯಾಯಿತಿಯಲ್ಲಿ ಒಳ್ಳೆಯ ಆಟ ಊಟದ ಬೆಲೆಗೆ ಸಿಗುತ್ತದೆ. ಮೆಟಾದ ಅಂಗಡಿಯಲ್ಲಿ ಡಾಲರಿನ ಲೆಕ್ಕ ಬಂದರೆ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ತೆರೆದಿರಬೇಕು. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ವಿನಿಮಯ ಶುಲ್ಕವೂ ಉಂಟು. ಅಲ್ಲಿ ಕೊಂಡ ಆಟ ಸ್ಟೀಮಿಗೆ ಬರುವುದಿಲ್ಲ, ಸ್ಟೀಮಿನದು ಹೆಡ್‌ಸೆಟ್‌ನೊಳಗೆ ಸ್ವತಂತ್ರವಾಗಿ ಓಡುವುದಿಲ್ಲ. ಮುಂದೆ ಕಂಪ್ಯೂಟರ್ ಕೊಳ್ಳುವ ಅಂದಾಜಿದ್ದರೆ, ಎರಡೂ ಕಡೆ ಸಿಗುವ ಆಟವನ್ನು ಎಲ್ಲಿ ಕೊಳ್ಳಬೇಕೆಂದು ಮೊದಲ ದಿನವೇ ಯೋಚಿಸಬೇಕು.

ದುಬೈಯ ಮಾವ ತರುವುದರಲ್ಲಿ ಉಳಿತಾಯ ನಿಜ. ಬಜಪೆಯಲ್ಲಿ ಇಳಿಯುವವರ ಸುಂಕರಹಿತ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು, ಇಂಥ ಮಿತಿ ಬಜೆಟ್ಟಿನಲ್ಲಿ ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಬೇಕು, ಬಿಲ್ಲು ಜೇಬಿನಲ್ಲಿರಬೇಕು. ಹೆಡ್‌ಸೆಟ್ ಒಂದೇ ಆದರೆ ಮಿತಿಯೊಳಗೇ, ಅದರ ಜೊತೆ ಫೋನು, ಚಿನ್ನ ಸೇರಿದರೆ ಬೇರೆ ಮಾತು. ಆದರೆ ಅಲ್ಲಿ ಕೊಂಡದ್ದರ ವಾರಂಟಿ ಹೆಚ್ಚಾಗಿ ಅಲ್ಲಿಯದೇ. ಒಂದು ಕಂಟ್ರೋಲರ್ ಕೆಟ್ಟರೆ ಅದು ಮತ್ತೆ ಮಾವನ ಸೂಟ್‌ಕೇಸಿನಲ್ಲೇ ಹೋಗಬೇಕು. ಲಿಥಿಯಂ ಬ್ಯಾಟರಿ ಇರುವ ಹೆಡ್‌ಸೆಟ್ಟನ್ನು ಕೊರಿಯರಿನಲ್ಲಿ ವಿಮಾನ ಹತ್ತಿಸುವುದು ಸುಲಭವಲ್ಲ. ಇಲ್ಲಿ ಕೊಂಡು ಐದಾರು ಸಾವಿರ ಹೆಚ್ಚು ಕೊಟ್ಟವರು, ಮಾರುವವನು ಬದಲಿ ಕೊಡುವ ಮಾತನ್ನು ಬರವಣಿಗೆಯಲ್ಲಿ ಪಡೆದಿದ್ದರೆ, ಆ ಹಣ ದಂಡವಲ್ಲ.

ಬಾಳಿಕೆಯ ಪ್ರಶ್ನೆಯಲ್ಲಿ ಎರಡೂ ಪಕ್ಷದವರು ಮತ್ತೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಇಬ್ಬರದ್ದೂ ಸರಿ. ಸ್ವತಂತ್ರ ಹೆಡ್‌ಸೆಟ್‌ನ ಚಿಪ್ ಬದಲಿಸಲಾಗದು, ಕಂಪನಿ ಕೈಬಿಟ್ಟ ದಿನ ಇಡೀ ವಸ್ತು ಮುದಿಯಾಗುತ್ತದೆ. 2019ರ ಮೊದಲ ಕ್ವೆಸ್ಟ್‌ಗೆ ಐದು ವರ್ಷದಲ್ಲಿ, 2024ರಲ್ಲಿ, ಹೊಸ ಆಟಗಳೂ ಭದ್ರತೆಯ ಅಪ್‌ಡೇಟೂ ನಿಂತವು. ಕೇಬಲ್ ಹೆಡ್‌ಸೆಟ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಯೌವನ ಮರಳುತ್ತದೆ ಎನ್ನುತ್ತಾರೆ, ಅದೂ ನಿಜ. ಆದರೆ ಮೈಕ್ರೋಸಾಫ್ಟ್ ತನ್ನ ಮಿಕ್ಸ್‌ಡ್ ರಿಯಾಲಿಟಿ ವ್ಯವಸ್ಥೆಯನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದುಹಾಕಿದಾಗ, ಅದನ್ನೇ ನಂಬಿದ್ದ ಎಚ್‌ಪಿ ರಿವರ್ಬ್ ಜಿ2ನಂಥ ಒಳ್ಳೆಯ ಪರದೆಯ ಹೆಡ್‌ಸೆಟ್‌ಗಳ ಆಧಾರವೇ ತಪ್ಪಿತು. ಹಳೆಯ ಸಾಮಾನಿನ ಪೇಟೆಯಲ್ಲಿ ಹತ್ತು-ಹದಿನೈದು ಸಾವಿರಕ್ಕೆ "ಹೊಸದರಂತಿದೆ" ಎಂದು ಇಂಥವು ಸಿಕ್ಕರೆ ಅಗ್ಗದ ಕಾರಣ ಅಲ್ಲಿದೆ.

ಎಲ್ಲ ಹಾಕಿ ತೂಗಿದ ಮೇಲೆ, ಈ ಮನೆಗೆ ನಾನು ಸ್ವತಂತ್ರ ಹೆಡ್‌ಸೆಟ್ಟನ್ನೇ ಹೇಳಿದೆ. ಮೂರು ಊರುಗಳ ನಡುವೆ ಓಡಾಡುವ ವಸ್ತು ಅದು, ಲ್ಯಾಪ್‌ಟಾಪಿನ ತೂತು ಸರಿಯಿಲ್ಲ, ಜಾಗ ಇರುವುದು ಕಂಪ್ಯೂಟರ್ ಇಲ್ಲದ ಚಾವಡಿಯಲ್ಲಿ. ಪಕ್ಕದ ಮನೆಯಲ್ಲಿ ಒಳ್ಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡು, ಸ್ಟಿಯರಿಂಗ್ ಕಟ್ಟಿ, ದಿನಾ ರಾತ್ರಿ ಕುಳಿತು ರೇಸು ಆಡುವ ಹುಡುಗನಿದ್ದರೆ ಅವನಿಗೆ ಇದಕ್ಕೆ ವಿರುದ್ಧವಾದ ಮಾತನ್ನೇ ಅಷ್ಟೇ ಧೈರ್ಯದಿಂದ ಹೇಳುತ್ತಿದ್ದೆ. ಹಣ ಕೊಡುವ ಮೊದಲು ಮನೆಯವರೆಲ್ಲರ ಕಣ್ಣುಗಳ ನಡುವಿನ ಅಂತರ ಅಳೆಯಿರಿ ಎಂದೂ ಸೇರಿಸಿದೆ, ಕನ್ನಡಕದ ಅಂಗಡಿಯವರು ಒಂದು ನಿಮಿಷದಲ್ಲಿ ಬರೆದುಕೊಡುತ್ತಾರೆ. 3ಎಸ್‌ನಲ್ಲಿ ಅದಕ್ಕೆ ಮೂರೇ ಸ್ಥಾನ, 58, 63, 68 ಮಿಲಿಮೀಟರ್. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಬೇಕಾದಲ್ಲಿಗೆ ತರಬಹುದು. ಮಗಳದ್ದು 58, ಸರಿಯಾಗಿ ಕೂತಿತು. ಅಪ್ಪನದ್ದು 72 ಬಂತು, 3ಎಸ್‌ನ ಕೊನೆಯ ಸ್ಥಾನಕ್ಕೂ ನಾಲ್ಕು ಮಿಲಿಮೀಟರ್ ಆಚೆ. ಆದ್ದರಿಂದ ಈಗ ಮನೆಯಲ್ಲಿ ಕೇಬಲ್ಲಿನ ಜಗಳ ಮುಗಿದು, ಇನ್ನೂ ದುಬಾರಿಯಾದ ಕ್ವೆಸ್ಟ್ 3 ಅಪ್ಪನ ಕಣ್ಣಿಗಾಗಿ ಬೇಕೋ ಬೇಡವೋ ಎಂಬ ಜಗಳ ಶುರುವಾಗಿದೆ.